ಸೀಟಿಯ ಶರಣು

ಕಂಡಕ್ಟರಿಗೆ ನಮಸ್ಕಾರ ಹೇಳುವುದಕ್ಕೂ ಒಂದು ಮುಹೂರ್ತವಿದೆ. ಹುಕ್ಕೇರಿಯಿಂದ ಸಂಕೇಶ್ವರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಆತನ ಒಂದು ಕೈಯಲ್ಲಿ ಟಿಕೆಟ್ ಮಷೀನು, ಇನ್ನೊಂದರ ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟು, ಬಗಲಲ್ಲಿ ಚೀಲ, ಬಾಯಲ್ಲಿ ಸೀಟಿ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಶೂನ್ಯ ಟಿಕೆಟ್ಟನ್ನೂ ಮುಂದಿನ ಸ್ಟೇಜ್ ಬರುವುದರೊಳಗೆ ಹರಿದು ಮುಗಿಸಬೇಕು. ತಪಾಸಣೆಯವರು ಹತ್ತಿದರೆ ನನ್ನ ನಮಸ್ಕಾರ ಆತನನ್ನು ಕಾಯುವುದಿಲ್ಲ.

ಇಂಥ ಹೊತ್ತಿನಲ್ಲಿ "ಶರಣ್ರೀ ಅಣ್ಣಾರ" ಅಂದರೆ ಸಿಗುವುದು ಹುಬ್ಬಿನ ಅರ್ಧ ಏರಿಕೆ. ಅದು ನನಗೋ, ಹಿಂದೆ ಚಿಲ್ಲರೆ ಕೇಳುತ್ತಿದ್ದ ಅಜ್ಜನಿಗೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಕೂರುತ್ತಿದ್ದೆ. ಒಮ್ಮೆ ಆ ಮರ್ಯಾದಸ್ಥ ಮನುಷ್ಯ, ಪಾಪ, ಕೈ ಬಿಡುವಿಲ್ಲದೆ ಸೀಟಿ ಸಮೇತ "ಶರಣ್ರಿ" ಅಂದ. ಸೀಟಿ ಒಂದು ಸಲ ಕೂಗಿದರೆ ನಿಲ್ಲು, ಎರಡು ಸಲ ಕೂಗಿದರೆ ನಡಿ. ಡ್ರೈವರ್ ಕಬ್ಬಿನ ಹೊಲದ ನಡುವೆ ಗಾಡಿ ನಿಲ್ಲಿಸಿ "ಯಾರ್ರೀ ಇಳ್ಯಾವ್ರು?" ಎಂದು ತಿರುಗಿದ. ಇಡೀ ಬಸ್ಸು ನನ್ನನ್ನು ನೋಡಿತು. ನಾನು ಕಬ್ಬು ನೋಡಿದೆ.

ಈಗ ಟಿಕೆಟ್ ಎಲ್ಲ ಮುಗಿದು, ಆತ ತನ್ನ ಸೀಟಿನಲ್ಲಿ ಕೂತು ನೋಟು ಜೋಡಿಸುವವರೆಗೆ ತಡೆಯುತ್ತೇನೆ. ಆಗ ಬರುವ "ಶರಣ್ರೀ ಸರ, ಚಾ ಆತೇನ್ರಿ?" ಪೂರ್ತಿ ಎರಡೂ ಹುಬ್ಬಿನದು. ಆಟೊದವರದು ಬೇರೆ ತೊಡಕು: ಸ್ಟ್ಯಾಂಡಿನಲ್ಲಿ ಕೈ ಎತ್ತಿ ನಮಸ್ಕರಿಸಿದರೆ ಮೂರು ಗಾಡಿ ಒಟ್ಟಿಗೆ ಸ್ಟಾರ್ಟ್ ಆಗುತ್ತವೆ. ಹೀಗಾಗಿ ಅವರಿಗೆ ತಲೆ ಮಾತ್ರ ಆಡಿಸುವುದು. ಸಂತೆಯಲ್ಲಿ ಬದನೆಕಾಯಿ ಮಾರುವ ಅವ್ವನ ಮುಂದೆ ಅದೂ ಅಪಾಯ. ತಲೆ ಆಡಿಸಿದ್ದೇ ತಡ, ತಕ್ಕಡಿಯಲ್ಲಿ ಒಂದು ಕಿಲೋ ಬಿದ್ದಿರುತ್ತದೆ.