ಸಿ-ಆಫ್ ಎಂಬ ಪ್ರಸಾದ

ನಂದಿಕೂರಿನ ಒಂದು ಕಾರ್ಖಾನೆ ಅಂದುಕೊಳ್ಳಿ, ಹೆಸರು ಬೇಡ. ನವೆಂಬರ್ 1ರ ಬೆಳಿಗ್ಗೆ ಭುವನೇಶ್ವರಿಯ ಫೋಟೋಕ್ಕೆ ಅಬ್ಬಲಿಗೆ ಮಾಲೆ ಬೀಳುತ್ತದೆ. ಎಚ್‌ಆರ್ ಸಾಹೇಬರು ಹಳದಿ-ಕೆಂಪು ಶಾಲು ಹೊದ್ದು ಕನ್ನಡಿಗನ ಸ್ವಾಭಿಮಾನದ ಬಗ್ಗೆ ಕಾಲು ಗಂಟೆ ಮಾತಾಡುತ್ತಾರೆ. ಕೇಳಲಿಕ್ಕೆ ಕೂತವರು ‘ಎ’ ಶಿಫ್ಟಿನ ಹುಡುಗರು. ಭಾಷಣ ಮುಗಿದದ್ದೇ ತಲೆಗೊಂದು ಲಾಡು ಕೊಟ್ಟು ಅವರನ್ನು ಮಿಷಿನಿಗೆ ಕಳಿಸಿದರೆ, ಸರಕಾರಿ ರಜೆಯ ಆಚರಣೆ ಸಂಪನ್ನ.

ಕೆಲಸ ಮಾಡಿಸಬಾರದು ಎಂದು ಯಾರೂ ಹೇಳುತ್ತಿಲ್ಲ. ಪಕ್ಕದ ಎಲ್ಲೂರಿನಲ್ಲಿ 1,200 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಇದೆ. ರಾಜ್ಯೋತ್ಸವ ಅಂತ ಬಾಯ್ಲರ್ ಆರಿಸಿ ಮನೆಗೆ ಹೋಗಲಿಕ್ಕೆ ಆಗುತ್ತದಾ? ಅದು ಗೊತ್ತಿದ್ದೇ ಕಾನೂನು ಬರೆದಿದ್ದಾರೆ. 1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯಿದೆ ವರ್ಷಕ್ಕೆ ಹತ್ತು ಸಂಬಳ ಸಹಿತ ರಜೆ ಕೊಡುತ್ತದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಮತ್ತೆ ಐದು ಹಬ್ಬ. ಆ ದಿನ ದುಡಿಸಿದರೆ ಎರಡರಲ್ಲಿ ಒಂದು ಕೊಡಬೇಕು: ಆ ದಿನಕ್ಕೆ ಎರಡು ಪಟ್ಟು ಸಂಬಳ, ಇಲ್ಲವೇ ಆ ದಿನದ ಸಂಬಳದ ಜೊತೆಗೆ ಇನ್ನೊಂದು ದಿನ ಸಂಬಳ ಸಹಿತ ಬದಲಿ ರಜೆ. ಎರಡರಲ್ಲಿ ಯಾವುದು ಎಂದು ಆರಿಸುವವನು ನೌಕರ. ಧಣಿಯಲ್ಲ.

ಈ ಕೊನೆಯ ಎರಡು ವಾಕ್ಯ ಮಾತ್ರ ನೋಟಿಸ್ ಬೋರ್ಡಿಗೆ ಬರುವಾಗ ದಾರಿ ತಪ್ಪಿಸಿಕೊಂಡಿವೆ. ಬೋರ್ಡಿನಲ್ಲಿರುವುದು ‘ರಜಾದಿನ ಕೆಲಸ ಮಾಡಿದವರಿಗೆ ಸಿ-ಆಫ್ ನೀಡಲಾಗುವುದು’ ಎಂದಷ್ಟೆ. ಕೆಳಗೆ ಸಣ್ಣಕ್ಷರದಲ್ಲಿ ‘ಕೆಲಸದ ಒತ್ತಡ ನೋಡಿಕೊಂಡು’. ಅದಕ್ಕಿಂತ ಕೆಳಗೆ ‘ಅರುವತ್ತು ದಿನದೊಳಗೆ ತೆಗೆದುಕೊಳ್ಳದಿದ್ದರೆ ರದ್ದು’. ಒತ್ತಡ ಸರಿಯಾಗಿ ಅರುವತ್ತು ದಿನ ಇರುತ್ತದೆ. ಅರುವತ್ತೊಂದನೇ ದಿನ ಸೂಪರ್‌ವೈಸರ್ ತಾನಾಗಿ ಕರೆದು, ‘ನಿನ್ನದೊಂದು ಸಿ-ಆಫ್ ಉಂಟಲ್ಲ ಮಾರಾಯ, ಮೊದಲೇ ಹೇಳಬಾರದಿತ್ತಾ?’ ಎಂದು ಮರುಗುತ್ತಾರೆ. ಬದಲಿ ರಜೆಗೆ ಹಾಲಿನ ಪ್ಯಾಕೆಟಿನ ಹಾಗೆ ತಾರೀಕು ಹೊಡೆದದ್ದು ಕಂಪೆನಿ. ಕಾಯಿದೆ ಅಲ್ಲ.

ಲೆಕ್ಕಕ್ಕೆ ಬನ್ನಿ. ತಿಂಗಳಿಗೆ 15,600 ರೂಪಾಯಿ ಸಂಬಳದವನನ್ನು ಹಿಡಿಯಿರಿ. ಇಪ್ಪತ್ತಾರರಿಂದ ಭಾಗಿಸಿದರೆ ದಿನಕ್ಕೆ 600. ರಜೆಯ 600 ತಿಂಗಳ ಸಂಬಳದೊಳಗೇ ಬಂದಾಯಿತು. ಅವನು ಎರಡು ಪಟ್ಟು ಸಂಬಳ ಆರಿಸಿದ್ದರೆ ಸ್ಲಿಪ್ಪಿನಲ್ಲಿ ಇನ್ನೂ 600 ಬೇರೆ ಸಾಲಿನಲ್ಲಿ ಕಾಣಬೇಕು. ಅಕೌಂಟ್ಸಿನವರು ಹಬ್ಬದ ದಿನ ಮಾತ್ರ ಮೂವತ್ತರಿಂದ ಭಾಗಿಸುತ್ತಾರೆ, 520 ಬರುತ್ತದೆ. ಗೈರುಹಾಜರಿಗೆ ಕಡಿಯುವಾಗ ಅದೇ ಕ್ಯಾಲ್ಕುಲೇಟರಿಗೆ ಇಪ್ಪತ್ತಾರು ನೆನಪಾಗುತ್ತದೆ. ಆ ಸಾಲೇ ಇಲ್ಲ, ಸಿ-ಆಫ್ ಖಾತೆಯಲ್ಲೂ ದಿನ ಜಮೆಯಾಗಿಲ್ಲ ಎಂದರೆ ಲಾಡುವೇ ಡಬಲ್ ಸಂಬಳ ಎಂದು ತಿಳಿಯಬೇಕು.

ಇದಕ್ಕಿಂತ ನಾಜೂಕಿನ ಕೈಚಳಕ ಶಿಫ್ಟಿನ ಚಾರ್ಟಿನಲ್ಲಿ ನಡೆಯುತ್ತದೆ. ವರ್ಷವಿಡೀ ಭಾನುವಾರ ವಾರದ ರಜೆ ಇದ್ದವನಿಗೆ ಅಕ್ಟೋಬರ್ 2ರ ವಾರ ಮಾತ್ರ ಗುರುವಾರವೋ ಶುಕ್ರವಾರವೋ ‘ವೀಕ್ಲಿ ಆಫ್’ ಬೀಳುತ್ತದೆ, ಗಾಂಧಿಜಯಂತಿಯ ಮೇಲೇ ಸರಿಯಾಗಿ. ಒಂದೇ ಕಲ್ಲಿಗೆ ಎರಡು ರಜೆ! ಸೆಪ್ಟೆಂಬರಿನ ಚಾರ್ಟಿನದ್ದೊಂದು ಫೋಟೋ ಮೊಬೈಲಿನಲ್ಲಿದ್ದರೆ ಈ ಅಹಿಂಸಾತ್ಮಕ ಕಳವು ಗೊತ್ತಾಗುತ್ತದೆ.

ಐದು ಹಬ್ಬದ ಕತೆ ಬೇರೆ. ಪಟ್ಟಿ ಬೆಂಗಳೂರಿನ ಹೆಡ್ಡಾಫೀಸಿನಲ್ಲಿ ತಯಾರಾಗಿ ಬರುತ್ತದೆ. ಚಾಂದ್ರಮಾನ ಯುಗಾದಿಗೆ ರಜೆ, ನಮ್ಮ ಬಿಸುವಿಗೆ ‘ಬಿ’ ಶಿಫ್ಟು. ಉಡುಪಿಯ ಅಷ್ಟಮಿ ಸೌರಮಾನ ಲೆಕ್ಕದ್ದು, ಕೆಲವು ವರ್ಷ ಕ್ಯಾಲೆಂಡರಿನ ಅಷ್ಟಮಿಗಿಂತ ತಿಂಗಳು ತಡ. ಹಾಗಾಗಿ ವಿಟ್ಲಪಿಂಡಿಯ ದಿನ ಹುಲಿವೇಷ ರಥಬೀದಿಯಲ್ಲಿ, ಹುಲಿಯ ತಮ್ಮ ಕನ್ವೇಯರ್ ಬೆಲ್ಟಿನ ಪಕ್ಕದಲ್ಲಿ. ಕಾಪುವಿನ ಮಾರಿಪೂಜೆ, ಅತ್ತೂರಿನ ಸಾಂತ್‌ಮಾರಿ, ಮನೆಯ ನೇಮ, ಯಾವುದೂ ಪಟ್ಟಿಯಲ್ಲಿ ಇಲ್ಲ. ಬದಲಿ ರಜೆ ಬೇಕಾಗುವುದೇ ಇಂಥ ದಿನಕ್ಕೆ. ಆಗಸ್ಟ್ 15ಕ್ಕೆ ದುಡಿದು ವಿಟ್ಲಪಿಂಡಿಗೆ ರಜೆ ಹಾಕುತ್ತೇನೆ ಎಂದು ಒಬ್ಬ ಕೇಳಿದರೆ ಅದು ಹರಕೆಯೂ ಅಲ್ಲ, ಭಿಕ್ಷೆಯೂ ಅಲ್ಲ, ಅವನೇ ಮುಂಗಡ ಕಟ್ಟಿದ ದಿನ.

ಕಂಟ್ರಾಕ್ಟರ್ ಕೈಕೆಳಗಿನವನಾದರೆ ಇನ್ನೊಂದು ಸುತ್ತು. ಕಂಪೆನಿ ‘ಕಂಟ್ರಾಕ್ಟರನ್ನು ಕೇಳು’ ಎನ್ನುತ್ತದೆ, ಕಂಟ್ರಾಕ್ಟರ್ ‘ಬಿಲ್ಲು ಪಾಸಾಗಲಿಲ್ಲ’ ಎನ್ನುತ್ತಾನೆ. ಅವನು ಕೊಡದಿದ್ದರೆ ಸಂಬಳದ ಹೊಣೆ ಮುಖ್ಯ ಮಾಲೀಕನ ತಲೆಗೇ ಬರುತ್ತದೆ ಎಂಬುದು ಇಬ್ಬರಿಗೂ ಗೊತ್ತು, ಗೊತ್ತಿಲ್ಲದವನು ಮೂರನೆಯವನು.

ಇಷ್ಟೆಲ್ಲ ಕೇಳಿಸಿಕೊಂಡ ಹುಡುಗನೊಬ್ಬ ರಜೆಯ ಮುಂಚಿನ ದಿನವೇ ಒಂದು ಹಾಳೆಯಲ್ಲಿ ‘ನಾಳಿನ ಕೆಲಸಕ್ಕೆ ಎರಡು ಪಟ್ಟು ಸಂಬಳವನ್ನು ಆಯ್ದುಕೊಂಡಿದ್ದೇನೆ’ ಎಂದು ಬರೆದು, ಎರಡು ಪ್ರತಿ ಹಿಡಿದುಕೊಂಡು ಆಫೀಸಿಗೆ ಹೋದ.

‘ಒಂದರಲ್ಲಿ ಸಿಕ್ಕಿತು ಅಂತ ಸೈನ್ ಹಾಕಿ ಕೊಡಿ ಸರ್.’

ಸಾಹೇಬರು ಎರಡು ಸಲ ಓದಿದರು. ‘ನಾಳೆ ನೀನು ಬರುವುದು ಬೇಡ ಮಾರಾಯ,’ ಅಂದರು, ‘ಅಷ್ಟೇನೂ ಕೆಲಸ ಇಲ್ಲ.’