ಮೂರು ಹುಟ್ಟುಹಬ್ಬದವನ ಅರ್ಜಿ

ಶಾಖಾಧಿಕಾರಿಗಳಿಗೆ,

ನಾನು ಸಿಂದಗಿ ತಾಲೂಕಿನ ಪಾಲಿಸಿದಾರ. ನನಗೆ ಮೂರು ಹುಟ್ಟುಹಬ್ಬಗಳಿವೆ. ಮೂರನೆಯದನ್ನು ತಾವು ದಯಪಾಲಿಸಿದ್ದೀರಿ.

ಮೊದಲನೆಯದು ಅವ್ವನದು. "ಶೀಗಿಹುಣ್ಣಿಮಿ ಮರುದಿನ, ನಮ್ಮ ಎಮ್ಮಿ ಈದ ದಿನಾನ ನೀ ಹುಟ್ಟಿದ್ದಿ" ಅನ್ನುತ್ತಾಳೆ. ಎಮ್ಮೆಯ ದಾಖಲೆ ಎಲ್ಲೂ ಸಿಕ್ಕಿಲ್ಲ. ಎರಡನೆಯದು ಹೆಡ್‌ಮಾಸ್ತರರದು. ಶಾಲೆ ತೆರೆಯುವ ಜೂನ್ 1ರಂದೇ ಅವರು ಊರಿನ ಅರ್ಧ ಮಕ್ಕಳನ್ನು ಹುಟ್ಟಿಸಿಬಿಟ್ಟಿದ್ದರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 01-06-1968 ಎಂದಿದೆ. ಸರಕಾರ ನಂಬುವುದು ಇದನ್ನೇ. ಪಾಲಿಸಿ ಬಾಂಡಿನಲ್ಲಿ ತಾವು ದಿನ, ತಿಂಗಳು ಅದಲುಬದಲು ಮಾಡಿ 06-01-1968 ಎಂದು ಅಚ್ಚು ಹಾಕಿಸಿದ್ದೀರಿ. ಬಾಂಡಿನ ಜೊತೆ ಬಂದ ಪ್ರಪೋಸಲ್ ಫಾರ್ಮಿನ ಪ್ರತಿಯಲ್ಲಿ ನನ್ನ ಕೈಬರಹದ ಜೂನ್ ಇನ್ನೂ ಹಾಗೇ ಇದೆ.

ಐದು ತಿಂಗಳಿಗೆ ಇಷ್ಟೇಕೆ ಗಲಾಟೆ ಅನ್ನಬೇಡಿ. ತಾವು ಸಮೀಪದ ಹುಟ್ಟುಹಬ್ಬದ ಲೆಕ್ಕದವರು. ಪಾಲಿಸಿ ಶುರುವಾದದ್ದು 20-09-2010ಕ್ಕೆ. ಜೂನ್ ಹಿಡಿದರೆ ನನಗೆ ಆಗ 42 ದಾಟಿ ಮೂರು ತಿಂಗಳು ಚಿಲ್ಲರೆ, ಅಂದರೆ 42. ಜನವರಿ ಹಿಡಿದರೆ 42 ದಾಟಿ ಎಂಟು ತಿಂಗಳು, ಅಂದರೆ 43. ಹೀಗೆ ಒಂದು ವರ್ಷದ ಮುಪ್ಪಿಗೆ ನಾನು ಅಂದಿನಿಂದ ಕಂತು ಕಟ್ಟುತ್ತಿದ್ದೇನೆ.

ಮುದ್ದೇಬಿಹಾಳದ ಅಳಿಯ, "ಮೂರು ವರ್ಷ ದಾಟ್ಯಾವ ಮಾವಾರ, ಇನ್ನ ಯಾರೂ ಕೇಳಾಂಗಿಲ್ಲ" ಎಂದು ಧೈರ್ಯ ಹೇಳಿದ. ವಿಮಾ ಕಾಯ್ದೆಯ 45ನೇ ಕಲಂ ಮೂರು ವರ್ಷದ ಮೇಲೆ ಪಾಲಿಸಿಯನ್ನು ಪ್ರಶ್ನಿಸಬಾರದು ಅನ್ನುತ್ತದೆ, ನಿಜ. ಆದರೆ ವಯಸ್ಸಿನ ಪುರಾವೆ ಕೇಳುವ, ವಯಸ್ಸು ತಪ್ಪಿದ್ದರೆ ಲೆಕ್ಕ ಸರಿಪಡಿಸುವ ಬಾಗಿಲನ್ನು ಅದೇ ಕಲಂ ತೆರೆದಿಟ್ಟಿದೆ. ನಾಳೆ ಕ್ಲೇಮಿನ ಹೊತ್ತಿಗೆ ನನ್ನಾಕಿ ಮರಣ ಪ್ರಮಾಣಪತ್ರ ಒಂದು ಕೈಯಲ್ಲಿ, ಅಂಕಪಟ್ಟಿ ಒಂದು ಕೈಯಲ್ಲಿ ಹಿಡಿದು ನಿಮ್ಮ ಕೌಂಟರಿನ ಮುಂದೆ ನಿಲ್ಲಬಾರದು. ಅವಳ ಬಾಯಿ ತಾವು ಕೇಳಿಲ್ಲ.

ಇಂಡಿಯ ಗೆಳೆಯರೊಬ್ಬರು ಆಧಾರ್ ಕೊಟ್ಟರೆ ಸಾಕು ಅಂದರು. ಆಧಾರ್ ಗುರುತಿಗೆ ಆಧಾರ, ಹುಟ್ಟಿದ ದಿನಕ್ಕಲ್ಲ. ಅದಕ್ಕೇ ಅಂಕಪಟ್ಟಿಯನ್ನು ಟ್ರಂಕಿನಿಂದ ಇಳಿಸಿದ್ದೇನೆ. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಜನ್ಮವರ್ಷವನ್ನೇ ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ಬಸವಣ್ಣನವರಿಗೆ ಕಂತು ಕಟ್ಟುವ ಕಷ್ಟವಿರಲಿಲ್ಲ, ನನಗಿದೆ.

ಆದ್ದರಿಂದ ಅಂಕಪಟ್ಟಿ ಹಾಗೂ ಪ್ರಪೋಸಲ್ಲಿನ ಸಹಿ ಮಾಡಿದ ನಕಲು, ಮೂಲ ಬಾಂಡು ಲಗತ್ತಿಸಿದ್ದೇನೆ. ಬಾಂಡು ಪಡೆದದ್ದಕ್ಕೆ ಸ್ವೀಕೃತಿ ಕೊಡಿ. ಜನ್ಮದಿನಾಂಕ ತಿದ್ದಿ, ಬಾಂಡಿನ ಮೇಲೆ ಮೊಹರು, ಸಹಿ ಹಾಕಿ ಹಿಂದಿರುಗಿಸಿ. ಮುಂದಿನ ಕಂತು ಎಷ್ಟೆಂದು, ಹೆಚ್ಚು ಕಟ್ಟಿದ್ದು ಎಷ್ಟು ಮರಳುತ್ತದೆಂದು ಬರಹದಲ್ಲಿ ತಿಳಿಸಿ. ಶೀಗಿಹುಣ್ಣಿಮೆಯ ವಿಷಯವನ್ನು ದಯವಿಟ್ಟು ಫೈಲಿಗೆ ಸೇರಿಸಬೇಡಿ.