ಅಡಿಗೆರೆ ಸರ್

ಗದಗ-ಬೆಟಗೇರಿಯಲ್ಲಿ ಕಾಲೇಜು ಎಂದಮೇಲೆ ಅಲ್ಲೊಬ್ಬ ಅಡಿಗೆರೆ ಸರ್ ಇದ್ದೇ ಇರುತ್ತಾರೆ. ಶಿರಹಟ್ಟಿ, ಮುಂಡರಗಿಯಲ್ಲಿ ಅವರ ಅಣ್ಣತಮ್ಮಂದಿರು ಸಿಗುತ್ತಾರೆ. ಕೈಯಲ್ಲಿ ಹಳದಿಗೆ ತಿರುಗಿದ ನೋಟ್ಸು, ಬಾಯಲ್ಲಿ ಎರಡೇ ಮಂತ್ರ: "ಬರಕೋರಿ", "ಅಡಿಗೆರೆ ಎಳೀರಿ".

ನಮ್ಮ ಇತಿಹಾಸದ ಸರ್ ಪರೀಕ್ಷೆಗೆ ಓದುವ ಮಕ್ಕಳಿಗೆಂದು ಯೂಟ್ಯೂಬ್ ಚಾನೆಲ್ ತೆರೆದರು. ಹಳೆಯ ಶಿಷ್ಯನಾದ ತಪ್ಪಿಗೆ ನಾನು ಕ್ಯಾಮೆರಾ ಹಿಡಿದೆ. ಮೊದಲ ಪಾಠ ಗದಗ ತಾಲೂಕಿನ ಕಣಗಿನಹಾಳದ ಸಹಕಾರ ಸಂಘ. ನೋಟ್ಸು ನಾಲ್ಕು ಪುಟ. ಓದಿಸಿ ನೋಡಿದರೆ ಹತ್ತು ನಿಮಿಷ. ವಿಡಿಯೊ ಇರಬೇಕಾದದ್ದು 90 ಸೆಕೆಂಡು.

ಹಾಳೆಗೆ ನಡುವೆ ಗೆರೆ ಹಾಕಿ, ಎಡಕ್ಕೆ 'ಮಾತು', ಬಲಕ್ಕೆ 'ಪರದೆ' ಎಂದು ಬರೆದುಕೊಟ್ಟೆ. ಸರ್ ಒಂದೇ ಪ್ಯಾರಾವನ್ನು ಎರಡೂ ಕಡೆ ಇಳಿಸಿ ತಂದರು. ಫೋನಿನಲ್ಲಿ ಅಕ್ಷರಗಳು ಸಾಸಿವೆ ಚೆಲ್ಲಿದಂತೆ ಕಂಡವು.

"ಸರ್, ಇದನ್ನ ಓದೂ ಹುಡುಗ ನಿಮ್ಮ ಮಾತು ಕೇಳಂಗಿಲ್ರಿ."

"ಯಾವುದು ತಗೀಲೋ ತಮ್ಮಾ? ಎಲ್ಲಾ ಇಂಪಾರ್ಟೆಂಟ್!"

ಕೊನೆಗೆ ಕ್ಲಾಸಿನಲ್ಲಿ ಬರೆಸಿದಂತೆಯೇ ಬರೆಸಿರಿ ಎಂದೆ. ನಾಲ್ಕು ಪುಟದಲ್ಲಿ ಅಡಿಗೆರೆ ಬಂದದ್ದು ಮೂರೇ ಸಲ. ಪರದೆಗೆ ಬೇಕಾದದ್ದು ಅಷ್ಟೇ!

ಮಾತು: "ಸಾಹುಕಾರರ ಬಡ್ಡಿಯಿಂದ ರೈತರನ್ನ ಬಿಡಿಸಾಕ ಸರ್ಕಾರ ಒಂದು ಕಾಯ್ದೆ ತಂತು."
ಪರದೆ, ಎಡಕ್ಕೆ: 1904 ಕಾಯ್ದೆ

ಮಾತು: "ಮರುವರ್ಷನ ನಮ್ಮ ಕಣಗಿನಹಾಳದಾಗ ಸಂಘ ಹುಟ್ಟಿತು."
ಪರದೆ, ಬಲಕ್ಕೆ: 1905 ಕಣಗಿನಹಾಳ

ಮಾತು: "ಕಟ್ಟಿದವರು ಆ ಊರಿನ ಗೌಡರು."
ಪರದೆ, ನಡುವೆ: ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲ

ಎಡಬಲದ ಉಪಾಯಕ್ಕೆ ಕಾರಣವಿದೆ. ಮೊದಲು ಎರಡೂ ಇಸವಿಯನ್ನು ಒಂದೇ ಜಾಗದಲ್ಲಿ ತೋರಿಸಿದ್ದೆವು. ನೋಡಿದ ಹುಡುಗರು ಸಂಘ 1904ರಲ್ಲಿ ಹುಟ್ಟಿತು ಎಂದರು. ಈಗ ಎಡದ ಇಸವಿ ಅಳಿಯದೆ ನಿಲ್ಲುತ್ತದೆ, ಬಲದ್ದು ಪಕ್ಕಕ್ಕೆ ಬಂದು ಕೂರುತ್ತದೆ. ಎರಡರ ನಂಟು ಕಣ್ಣಿಗೇ ಕಾಣುತ್ತದೆ. ಇನ್ನೊಂದು ತೊಡಕು, ಸರ್ ಮಾತಿಗಿಂತ ಮೊದಲೇ ಅಕ್ಷರ ಬಂದರೆ ಹುಡುಗರು ಓದಿ ಮುಗಿಸಿ ಬೆರಳಿನಿಂದ ವಿಡಿಯೊವನ್ನೇ ಮುಂದೆ ತಳ್ಳುತ್ತಾರೆ. ಅದಕ್ಕೇ ಸರ್ ಬಾಯಿಂದ ಪದ ಹೊರಟ ಕ್ಷಣಕ್ಕೇ ಅಕ್ಷರ ಮೂಡುವಂತೆ ಗುರುತು ಹಾಕಿದೆವು.

ಕೊನೆಯಲ್ಲಿ ಪ್ರಶ್ನೆ, ಆಮೇಲೆ ಉತ್ತರ ನೆನೆಯಲು ಮೂರು ಸೆಕೆಂಡು ಮೌನ. ಸರ್‌ಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಐದು ಸಲ ಚಿತ್ರೀಕರಿಸಿದರೂ ಎರಡನೆಯ ಸೆಕೆಂಡಿಗೆ "ಗೊತ್ತಾಗ್ಲಿಲ್ಲೇನು? ಹೋದ ವಾರ ಬರೆಸೀನಲ್ಲ!" ಎಂದುಬಿಡುತ್ತಿದ್ದರು. ಆರನೆಯ ಸಲ ಬಾಯಿಗೆ ಅಡಕೆ ಕೊಟ್ಟೆ.

ಒಂದು "ಅಡಿಗೆರೆ ಎಳೀರಿ" ಮಾತ್ರ ಕತ್ತರಿಗೆ ಸಿಗದೆ ವಿಡಿಯೊದಲ್ಲಿ ಉಳಿದುಹೋಯಿತು. ಲಕ್ಷ್ಮೇಶ್ವರದ ನನ್ನ ಅಕ್ಕನ ಮಗಳಿಗೆ ತೋರಿಸಿದೆ. ನೋಡುತ್ತಲೇ ಹುಡುಗಿ ಕಂಪಾಸಿನಿಂದ ಸ್ಕೇಲು ತೆಗೆದಳು.